ಶನಿವಾರ ತಿಂಡಿ ತಿಂದೇ ಬನ್ನಿ

ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಈ ವಾರ ಒಂದು ಹಾಳೆ ಅಂಟಿಸಿದ್ದೇವೆ. ಬರುವ ಶನಿವಾರ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 1.30ರವರೆಗೆ ಸಭಾಂಗಣದಲ್ಲಿ ರಕ್ತದಾನ ಶಿಬಿರ. ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು, ಖಾಲಿ ಹೊಟ್ಟೆಯಲ್ಲಿ ಬರಬಾರದು. ಹಾಳೆ ಇಷ್ಟನ್ನೇ ಹೇಳುತ್ತದೆ. ಎನ್‌ಎಸ್‌ಎಸ್ ಘಟಕ ನೋಡಿಕೊಳ್ಳುವ ನನ್ನ ಬಳಿಗೆ ಮಕ್ಕಳು ಬಂದು ಕೇಳುವುದು ಅದರಲ್ಲಿ ಬರೆಯದ ಮಾತುಗಳನ್ನು. ತಲೆ ಸುತ್ತುತ್ತದಾ ಸರ್? ಅಮ್ಮ ಬೇಡ ಅಂತಾರೆ, ನಿಶ್ಶಕ್ತಿ ಆಗುತ್ತಾ? ನನ್ನನ್ನು ವಾಪಸ್ ಕಳಿಸಿದರೆ ಎಲ್ಲರೂ ಏನಂದುಕೊಳ್ಳುತ್ತಾರೆ?

ಎರಡು ವರ್ಷದ ಹಿಂದಿನ ಶಿಬಿರದಲ್ಲಿ ನಡೆದದ್ದನ್ನು ಹೇಳಿದರೆ ಅರ್ಧ ಉತ್ತರ ಸಿಗುತ್ತದೆ. ಮೊದಲ ವರ್ಷದ ಬಿ.ಕಾಂ. ಹುಡುಗ, ಎತ್ತರದ ಗಟ್ಟಿ ಆಳು. ಹಳ್ಳಿಯಿಂದ ಆರೂವರೆಯ ಬಸ್ಸು ಹಿಡಿದು ಬಂದಿದ್ದ. ತಿಂಡಿ ಆಯಿತಾ ಎಂದು ವೈದ್ಯರು ಕೇಳಿದಾಗ ಸಂಕೋಚಕ್ಕೆ "ಆಯ್ತು" ಅಂದ. ರಕ್ತ ಕೊಟ್ಟಿದ್ದೂ ಆಯಿತು, ಏನೂ ಆಗಲಿಲ್ಲ. ಹತ್ತು ನಿಮಿಷ ಮಲಗಿರು ಎಂದರೆ ಕೇಳದೆ ಮಂಚದಿಂದ ಜಿಗಿದು ಬಿಸ್ಕತ್ತಿನ ಮೇಜಿನ ಕಡೆ ನಡೆದ. ಅಲ್ಲಿ ನಿಂತು ಎರಡು ಸಲ ಆಕಳಿಸಿದ. ತುಟಿ ಬೆಳ್ಳಗಾಯಿತು, ಹಣೆಯ ಮೇಲೆ ಬೆವರು ಮೂಡಿತು, ಕುಸಿದ. ನರ್ಸಮ್ಮ ಓಡಿ ಬಂದವರು ಅವನನ್ನು ಎಬ್ಬಿಸಿ ಕೂರಿಸಲಿಲ್ಲ. ಅಲ್ಲೇ ನೆಲದ ಮೇಲೆ ಅಂಗಾತ ಮಲಗಿಸಿ, ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಒಂದೆರಡು ನಿಮಿಷದಲ್ಲಿ ಕಣ್ಣು ಬಿಟ್ಟ. ಅರ್ಧ ಗಂಟೆ ಕಳೆದ ಮೇಲೆ ನಿಂಬೆ ಪಾನಕ ಕುಡಿದು, ನಾಲ್ಕು ಇಡ್ಲಿ ತಿಂದು, ತರಗತಿಗೆ ಹೋದ.

ಅವನ ರಕ್ತ ಕಡಿಮೆಯಾಗಿ ಹಾಗಾಯಿತು ಎಂದೇ ಎಲ್ಲರೂ ತಿಳಿದರು. ಕಾರಣ ಬೇರೆ ಇತ್ತು. ಹೆದರಿಕೆ, ಹಸಿವು, ಸೂಜಿಯ ನೋಟ ಎಲ್ಲ ಸೇರಿದಾಗ ನರಮಂಡಲ ಗಲಿಬಿಲಿಗೊಂಡು ಹೃದಯದ ಬಡಿತವನ್ನು ಒಮ್ಮೆಲೇ ನಿಧಾನ ಮಾಡುತ್ತದೆ. ರಕ್ತನಾಳಗಳು ಸಡಿಲಗೊಂಡು ರಕ್ತ ಕಾಲಿನ ಕಡೆ ಇಳಿಯುತ್ತದೆ. ಮೆದುಳಿಗೆ ಅರೆಕ್ಷಣ ಕಡಿಮೆ ಬೀಳುತ್ತದೆ, ಅಷ್ಟೇ. ರಕ್ತ ಪರೀಕ್ಷೆಗೆಂದು ಒಂದು ಚಮಚ ತೆಗೆದಾಗಲೂ ಕೆಲವರು ಬೀಳುವುದು ಇದೇ ಕಾರಣಕ್ಕೆ. ಹದಿಹರೆಯದವರಲ್ಲಿ, ಮೊದಲ ಸಲ ಕೊಡುವವರಲ್ಲಿ ಇದು ಹೆಚ್ಚು. ಮಲಗಿಸಿ ಕಾಲೆತ್ತಿದರೆ ರಕ್ತ ತಲೆಯ ಕಡೆ ಮರಳುತ್ತದೆ. ಹಾಗೆ ಬಿದ್ದವರನ್ನು ಎತ್ತಿ ಕೂರಿಸುವುದೇ ತಪ್ಪು.

ತಡೆಯುವುದು ಸುಲಭ. ಮನೆಯಲ್ಲಿ ಹೊಟ್ಟೆ ತುಂಬ ತಿಂಡಿ ತಿನ್ನಿ. ಸರದಿಯಲ್ಲಿ ನಿಂತಾಗ ಎರಡು ಲೋಟ ನೀರು ಕುಡಿಯಿರಿ, ಅರ್ಧ ಲೀಟರಿನಷ್ಟು. ಮಂಚದ ಮೇಲೆ ಕಾಲಿನ ಮೇಲೆ ಕಾಲು ಹಾಕಿ ತೊಡೆಯನ್ನು ಬಿಗಿ ಹಿಡಿದು ಬಿಡುತ್ತಿರಿ. ಆಕಳಿಕೆ ಬಂದರೆ, ಕಿವಿ ಗುಂಯ್‌ ಅಂದರೆ, ಬೆವರಿದರೆ ಮುಚ್ಚಿಡದೆ ಪಕ್ಕದವರಿಗೆ ಹೇಳಿ. ರಕ್ತ ತೆಗೆಯುವುದಕ್ಕೆ ಹತ್ತು ನಿಮಿಷ ಬೇಡ. ಆಮೇಲಿನ ವಿಶ್ರಾಂತಿಯನ್ನು ಮಾತ್ರ ಯಾರೂ ಕಡಿಮೆ ಮಾಡಿಕೊಳ್ಳಬಾರದು.

ಇನ್ನು ತೂಕದ ಮಾತು. ಒಬ್ಬರಿಂದ ಒಂದು ಸಲಕ್ಕೆ ತೆಗೆಯುವ ರಕ್ತ ಅವರ ತೂಕದ ಕೆ.ಜಿ.ಗೆ ಸುಮಾರು 8 ಮಿಲಿಲೀಟರಿನ ಆಸುಪಾಸಿನಲ್ಲಿರಬೇಕು. 45ನ್ನು ಎಂಟರಿಂದ ಗುಣಿಸಿದರೆ 360 ಆಗುತ್ತದೆ. ಚಿಕ್ಕ ಚೀಲ ಹಿಡಿಯುವುದು 350. ಹಾಗಾಗಿ 45ರ ಗೆರೆ. ನಲವತ್ತೆರಡು ಕೆ.ಜಿ.ಯ ಹುಡುಗಿ ಎಷ್ಟೇ ಆರೋಗ್ಯವಾಗಿದ್ದರೂ ಆ ಚೀಲ ಅವಳಿಗೆ ದೊಡ್ಡದು. ಕೊಟ್ಟವರ ದೇಹದಲ್ಲಿ ನೀರಿನ ಅಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕೆಂಪುಕಣಗಳಿಗೆ ನಾಲ್ಕಾರು ವಾರ ಬೇಕು, ಖರ್ಚಾದ ಕಬ್ಬಿಣಕ್ಕೆ ಇನ್ನೂ ಹೆಚ್ಚು. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟೇ ಮತ್ತೆ ಕೊಡಬೇಕೆಂಬ ನಿಯಮ ಬಂದಿದ್ದು ಅದಕ್ಕೆ. ಅಮ್ಮಂದಿರಿಗೆ ಇದನ್ನು ಹೇಳಿ. ಮಾರನೆಯ ದಿನ ಕಾಲೇಜಿಗೆ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆ ದಿನ ಮಾತ್ರ ಕಬಡ್ಡಿ, ಭಾರ ಎತ್ತುವ ಕೆಲಸ ಬೇಡ.

ಅತಿ ಹೆಚ್ಚು ಮಂದಿ ವಾಪಸಾಗುವುದು ಹಿಮೋಗ್ಲೋಬಿನ್ ಮೇಜಿನಲ್ಲಿ. ಅಲ್ಲಿ ಒಂದು ಗಾಜಿನ ಲೋಟದಲ್ಲಿ ತಿಳಿ ನೀಲಿ ದ್ರಾವಣ ಇಟ್ಟಿರುತ್ತಾರೆ. ನಮ್ಮ ಮಲೆನಾಡಿನ ಅಡಿಕೆ ತೋಟದ ಮಕ್ಕಳಿಗೆ ಆ ಬಣ್ಣ ಗುರುತು ಸಿಗುತ್ತದೆ. ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಮೈಲುತುತ್ತವೇ ಅದು, ಅಳತೆಯಾಗಿ ಕರಗಿಸಿದ್ದು. ಬೆರಳ ತುದಿಯ ಒಂದು ಹನಿಯನ್ನು ಅದರೊಳಗೆ ಬಿಡುತ್ತಾರೆ. ದ್ರಾವಣದ ಸಾಂದ್ರತೆಯನ್ನು 12.5 ಗ್ರಾಂ ಹಿಮೋಗ್ಲೋಬಿನ್ ಇರುವ ರಕ್ತಕ್ಕೆ ಸರಿಹೊಂದಿಸಿರುತ್ತಾರೆ. ಹನಿ ಹದಿನೈದು ಸೆಕೆಂಡಿನೊಳಗೆ ತಳ ಮುಟ್ಟಿದರೆ ಪಾಸು. ನಡುವಿನಲ್ಲಿ ತೇಲಿ ನಿಂತರೆ ಈ ಸಲಕ್ಕೆ ಬೇಡ.

ಕಳೆದ ವರ್ಷ ಒಬ್ಬ ಹುಡುಗಿಯ ಹನಿ ಹಾಗೆ ನಿಂತುಬಿಟ್ಟಿತು. "ನನ್ನ ರಕ್ತ ಕೆಟ್ಟಿದೆಯಾ ಸರ್?" ಎಂದು ಕೇಳಿದಳು, ಕಣ್ಣು ತುಂಬಿತ್ತು. ಪರೀಕ್ಷೆ ಮಾಡಿದ ತಂತ್ರಜ್ಞರೇ ಉತ್ತರ ಕೊಟ್ಟರು: "ಕೆಟ್ಟಿಲ್ಲ ಕಣಮ್ಮ, ನಿನಗೇ ಸಾಲದು." ಅವಳು ಅಲ್ಲಿಂದ ಸೀದಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ತೆಗೆದುಕೊಂಡಳು. ಊಟದ ಬೆನ್ನಿಗೇ ಕಾಫಿ ಕುಡಿಯುವ ಅಭ್ಯಾಸ ಬಿಡಲು ಡಾಕ್ಟರು ಹೇಳಿದರು, ಕಾಫಿ ಟೀ ಎರಡೂ ಊಟದ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಅವಳಿಗೆ ಮೊದಲೇ ಸುಸ್ತಿತ್ತು, ಕಾರಣ ಗೊತ್ತಿರಲಿಲ್ಲ. ಆ ಮೇಜಿನಿಂದ ವಾಪಸಾದದ್ದೇ ಅವಳಿಗೆ ಒಳ್ಳೆಯದಾಯಿತು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅರ್ಜಿಯ ಪ್ರಶ್ನೆಗಳಿಗೆ ಮಾತ್ರ ಸುಳ್ಳು ಬೇಡ. ಇತ್ತೀಚೆಗೆ ಜ್ವರ ಬಂದಿತ್ತೇ, ಕಾಮಾಲೆ ಆಗಿತ್ತೇ, ವರ್ಷದೊಳಗೆ ಹಚ್ಚೆ ಹಾಕಿಸಿಕೊಂಡಿರಾ ಎಂದು ಅದರಲ್ಲಿ ಕೇಳುತ್ತಾರೆ. ಎಲ್ಲ ಚೀಲಗಳನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುತ್ತಾರೆ, ನಿಜ. ಆದರೆ ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಕಾಣದೆ ಹೋಗಬಹುದು. ಆ ಸಂದಿನಲ್ಲಿ ರೋಗಿಯನ್ನು ಕಾಯುವುದು ನಿಮ್ಮ ನಿಜವಾದ ಉತ್ತರ ಒಂದೇ. ಗೆಳೆಯರ ಒತ್ತಾಯಕ್ಕೆ ಬಂದು ಮನಸ್ಸಿಲ್ಲದಿದ್ದರೆ ವೈದ್ಯರ ಬಳಿ ಒಬ್ಬರೇ ಇದ್ದಾಗ ಹೇಳಿ. ಕಾರಣ ಹೊರಗೆ ಹೋಗುವುದಿಲ್ಲ. ಈ ಶಿಬಿರಕ್ಕೆ ಹಾಜರಾತಿಯೂ ಇಲ್ಲ, ಅಂಕವೂ ಇಲ್ಲ.

1.30ಕ್ಕೆ ಏಕೆ ನಿಲ್ಲಿಸುತ್ತೀರಿ, ಸಂಜೆಯವರೆಗೆ ಇಡಿ ಎಂದು ಬಿ.ಎಸ್ಸಿ. ಹುಡುಗರು ಕೇಳಿದ್ದಾರೆ. ಚೀಲಗಳು ಪಟ್ಟಣದ ರಕ್ತನಿಧಿಗೆ ಹೋಗಬೇಕು. ಅಲ್ಲಿ ಯಂತ್ರದಲ್ಲಿ ತಿರುಗಿಸಿ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರೆ ಮಾಡುತ್ತಾರೆ. ಆ ಕೆಲಸ ರಕ್ತ ತೆಗೆದ ಆರೆಂಟು ಗಂಟೆಯೊಳಗೆ ಮುಗಿದರೆ ಒಂದು ಚೀಲ ಮೂವರಿಗೆ ಬರುತ್ತದೆ. ಪ್ಲೇಟ್‌ಲೆಟ್ ಐದೇ ದಿನ ಬಾಳುತ್ತದೆ, ಅದೂ ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗ ಎಲ್ಲ ಕಡೆ ಬೇಕಾಗುತ್ತದೆ. ತಡವಾದರೆ ಅದೇ ಮೊದಲು ಕೈತಪ್ಪುವುದು.

ಹಾಗಾಗಿ ಹಾಸ್ಟೆಲಿನವರು ತಿಂಡಿ ಮುಗಿಸಿ ಹತ್ತಕ್ಕೆ ಬನ್ನಿ, ಬಸ್ಸಿನಲ್ಲಿ ಬರುವವರು ಹನ್ನೊಂದರ ಮೇಲೆ. ತಿಂಡಿ ತಪ್ಪಿದವರು ನಾಚಿಕೆ ಬಿಟ್ಟು ಹೇಳಿ, ಸಭಾಂಗಣದ ಹಿಂದೆ ಉಪ್ಪಿಟ್ಟು ಮಾಡಿಸಿರುತ್ತೇವೆ. ಗುರುತಿನ ಚೀಟಿ ಜೊತೆಗಿರಲಿ. ಕೊನೆಯ ಹೆಸರು ಬರೆದುಕೊಳ್ಳುವುದು ಒಂದು ಗಂಟೆಗೆ.