ಛೇದ ಒಡೆದಾಗ ಎಷ್ಟು ಚೂರು?

1702ರಲ್ಲಿ ಲೈಪ್ಜಿಗ್‌ನ ‘ಆಕ್ಟಾ ಎರುಡಿಟೋರಮ್’ ಪತ್ರಿಕೆಯಲ್ಲಿ ಲೈಬ್ನಿಟ್ಸ್ ಒಂದು ಲೇಖನ ಪ್ರಕಟಿಸಿದ. ಬಹುಪದಿಯನ್ನು ಬಹುಪದಿಯಿಂದ ಭಾಗಿಸಿ ಬರುವ ಭಿನ್ನರಾಶಿ ಎಷ್ಟೇ ತೊಡಕಾಗಿದ್ದರೂ ಅದನ್ನು ಸಣ್ಣ ಸಣ್ಣ ಭಿನ್ನರಾಶಿಗಳ ಮೊತ್ತವಾಗಿ ಬಿಡಿಸಬಹುದು, ಆಮೇಲೆ ಒಂದೊಂದನ್ನೇ ಅನುಕಲಿಸಿದರಾಯಿತು ಎಂಬುದು ಅದರ ತಿರುಳು. ಅದೇ ವರ್ಷ ಯೊಹಾನ್ ಬರ್ನೌಲಿಯೂ ಇದೇ ದಾರಿಯನ್ನು ಬರೆದು ತೋರಿಸಿದ್ದ. ಆದರೆ ಲೈಬ್ನಿಟ್ಸ್ ಒಂದು ಕಡೆ ಎಡವಿದ. ಛೇದದಲ್ಲಿ x⁴ + a⁴ ಇದ್ದರೆ ಅದನ್ನು ವಾಸ್ತವ ಸಂಖ್ಯೆಗಳಲ್ಲಿ ಒಡೆಯಲು ಬರುವುದಿಲ್ಲ, ಹಾಗಾಗಿ ಅದರ ಅನುಕಲನ ಲಾಗರಿತಮ್‌ಗಾಗಲಿ ವೃತ್ತದ ಕಂಸಕ್ಕಾಗಲಿ ಸಿಕ್ಕುವುದಿಲ್ಲ ಎಂದು ಅವನು ತೀರ್ಮಾನಿಸಿಬಿಟ್ಟ.

ಕಲನಶಾಸ್ತ್ರವನ್ನು ಕಟ್ಟಿದವನೇ ಎಡವಿದ ಈ ಜಾಗ ಇವತ್ತಿಗೂ ಜಾರುವ ಜಾಗವೇ. ದ್ವಿತೀಯ ಪಿಯುಸಿಯ ಅನುಕಲನದ ಅಧ್ಯಾಯದಲ್ಲಿ ‘ಪಾರ್ಷಿಯಲ್ ಫ್ರಾಕ್ಷನ್’ ಎಂದು ಎಲ್ಲರೂ ಕರೆಯುವ ಆಂಶಿಕ ಭಿನ್ನರಾಶಿಯ ಪಾಠ ಬರುತ್ತದೆ. ಮೊದಲ ಲೆಕ್ಕಗಳು ಸಲೀಸು. ಛೇದದಲ್ಲಿ (x − 1)(x − 2) ಇದ್ದರೆ A/(x − 1) + B/(x − 2) ಎಂದು ಬರೆದು A, B ಕಂಡುಹಿಡಿದರೆ ಮುಗಿಯಿತು. ತೊಡಕು ಶುರುವಾಗುವುದು ಎರಡು ಸಂದರ್ಭಗಳಲ್ಲಿ: ಒಂದೇ ಅಪವರ್ತನ ಎರಡು ಸಲ ಬಂದಾಗ, ಇಲ್ಲವೇ ಮುಂದೆ ಒಡೆಯದ ವರ್ಗ ಅಪವರ್ತನ ಎದುರಾದಾಗ. ಪುಸ್ತಕದ ಕೋಷ್ಟಕ ಎರಡಕ್ಕೂ ಬೇರೆ ಬೇರೆ ನಮೂನೆ ಕೊಡುತ್ತದೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ. ನಿಜವಾಗಿ ನೋಡಿದರೆ ಎರಡು ನಮೂನೆಗಳ ಹಿಂದೆ ಇರುವುದು ಒಂದೇ ಕಾರಣ.

ಎರಡೂ ತೊಡಕು ಒಟ್ಟಿಗೆ ಇರುವ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ:

(2x² − 2x + 4) / [(x − 1)²(x² + 1)]

ಅಂಶದ ಘಾತ ಎರಡು, ಛೇದದ್ದು ನಾಲ್ಕು. ಅಂಶದ ಘಾತ ಕಡಿಮೆ ಇರುವುದು ಅಗತ್ಯ. ಹಾಗಿಲ್ಲದಿದ್ದರೆ ಮೊದಲು ಭಾಗಾಕಾರ ಮಾಡಿ, ಉಳಿದ ಶೇಷದ ಮೇಲೆ ಮಾತ್ರ ಈ ಕೆಲಸ ನಡೆಸಬೇಕು. ಇಲ್ಲಿ (x − 1) ಎರಡು ಸಲ ಇದೆ. x² + 1 ಅಂತೂ ಒಡೆಯುವುದಿಲ್ಲ. x ಯಾವ ವಾಸ್ತವ ಸಂಖ್ಯೆಯಾದರೂ ಅದರ ವರ್ಗ ಋಣವಾಗದು, ಒಂದು ಕೂಡಿಸಿದ ಮೇಲೆ ಸೊನ್ನೆಯಾಗುವ ಮಾತೇ ಇಲ್ಲ. x² + bx + c ಎಂಬ ಯಾವುದೇ ಅಪವರ್ತನಕ್ಕೂ b² − 4c ಲೆಕ್ಕ ಹಾಕಿದರೆ ಸಾಕು. ಅದು ಋಣವಾಗಿದ್ದರೆ ಒಡೆಯುವುದಿಲ್ಲ, ಋಣವಲ್ಲದಿದ್ದರೆ ಒಡೆದೇ ಮುಂದುವರಿಯಬೇಕು.

ಈಗ (x − 1)² ಮತ್ತು x² + 1 ಎರಡನ್ನೂ ಒಂದೇ ಕಣ್ಣಿನಿಂದ ನೋಡಬೇಕು. ಎರಡರ ಘಾತವೂ ಎರಡೇ. ಅವುಗಳ ತಲೆಯ ಮೇಲೆ ಕೂರುವ ಅಂಶದ ಘಾತ ಎರಡಕ್ಕಿಂತ ಕಡಿಮೆ ಇರಬೇಕು, ಅಂದರೆ ಅದು ಹೆಚ್ಚೆಂದರೆ ಒಂದು x ಮತ್ತು ಒಂದು ಬಿಡಿ ಸಂಖ್ಯೆ ಇರುವ ಪದ. x² + 1 ಮೇಲೆ Cx + D ಕೂರುವುದು ಇದಕ್ಕೇ. (x − 1)² ಮೇಲೂ px + q ಎಂದೇ ಬರೆಯಬಹುದಿತ್ತು, ತಪ್ಪೇನಿಲ್ಲ. ಆದರೆ px + q ಎಂಬುದನ್ನು A(x − 1) + B ಎಂದು ತಿರುಗಿಸಿ ಬರೆಯಲು ಬರುತ್ತದೆ. ಹಾಗೆ ಬರೆದು (x − 1)² ಇಂದ ಭಾಗಿಸಿದರೆ ಒಂದು (x − 1) ಹೊಡೆದುಹೋಗಿ A/(x − 1) + B/(x − 1)² ಉಳಿಯುತ್ತದೆ. ಮರುಕಳಿಸುವ ಅಪವರ್ತನಕ್ಕೆ ಪ್ರತಿ ಘಾತಕ್ಕೂ ಒಂದೊಂದು ಪದ ಬೇಕೆಂಬ ನಿಯಮ ಬಂದದ್ದು ಇಲ್ಲಿಂದಲೇ. ಹೀಗೆ ಬಿಡಿಸಿಕೊಂಡರೆ ಅನುಕಲನ ಸುಲಭವಾಗುತ್ತದೆ, ಲಾಭ ಅಷ್ಟೇ.

ಒಟ್ಟು ನಮೂನೆ ಇದು:

A/(x − 1) + B/(x − 1)² + (Cx + D)/(x² + 1)

ಛೇದದ ಘಾತ ನಾಲ್ಕು, ಕಂಡುಹಿಡಿಯಬೇಕಾದ ಅಕ್ಷರಗಳೂ ನಾಲ್ಕು. ಈ ಎರಡು ಸಂಖ್ಯೆ ಯಾವಾಗಲೂ ಸಮ ಇರಬೇಕು. ಲೆಕ್ಕಕ್ಕೆ ಇಳಿಯುವ ಮುನ್ನವೇ ಇದನ್ನು ಎಣಿಸಿ ನೋಡುವ ಅಭ್ಯಾಸ ದೊಡ್ಡ ತಪ್ಪುಗಳನ್ನು ತಡೆಯುತ್ತದೆ.

ಎರಡು ಕಡೆಯನ್ನೂ ಇಡೀ ಛೇದದಿಂದ ಗುಣಿಸಿದರೆ ಹೀಗಾಗುತ್ತದೆ:

2x² − 2x + 4 = A(x − 1)(x² + 1) + B(x² + 1) + (Cx + D)(x − 1)²

x = 1 ಹಾಕಿದರೆ (x − 1) ಇರುವ ಪದಗಳೆಲ್ಲ ಮಾಯವಾಗಿ 4 = 2B ಉಳಿಯುತ್ತದೆ; B = 2. ಇಲ್ಲಿಂದ ಮುಂದೆ ಬಹಳ ಜನ ಎಲ್ಲವನ್ನೂ ಬಿಡಿಸಿ ಗುಣಿಸಿ ನಾಲ್ಕು ಸಮೀಕರಣಗಳನ್ನು ಗುಡ್ಡೆ ಹಾಕಿಕೊಳ್ಳುತ್ತಾರೆ. ಅದರ ಅವಶ್ಯಕತೆಯಿಲ್ಲ. ಸಿಕ್ಕ 2(x² + 1) ಅನ್ನು ಎಡಗಡೆಯಿಂದ ಕಳೆದುಬಿಡಿ. ಉಳಿಯುವುದು −2x + 2, ಅಂದರೆ −2(x − 1). ಬಲಗಡೆ ಉಳಿದ ಎರಡೂ ಪದಗಳಲ್ಲಿ (x − 1) ಇದ್ದೇ ಇದೆ. ಒಂದು ಸಲ ಅದನ್ನು ಹೊಡೆದುಹಾಕಿದರೆ

−2 = A(x² + 1) + (Cx + D)(x − 1)

ಮತ್ತೆ x = 1 ಹಾಕಿದರೆ A = −1. ಅದನ್ನೂ ಆಚೆ ಸಾಗಿಸಿದರೆ ಎಡಗಡೆ x² − 1 ಆಗುತ್ತದೆ, ಅದು (x − 1)(x + 1). ಹಾಗಾದರೆ Cx + D ಎಂಬುದು x + 1. ಉತ್ತರ:

−1/(x − 1) + 2/(x − 1)² + (x + 1)/(x² + 1)

ಕಳೆಯುವುದು, ಹೊಡೆಯುವುದು, ಮತ್ತೆ x = 1 ಹಾಕುವುದು: ಈ ಕ್ರಮದ ಚೆಲುವೆಂದರೆ ಲೆಕ್ಕ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಳೆದ ಮೇಲೆ ಉಳಿದದ್ದು (x − 1) ಇಂದ ಶೇಷವಿಲ್ಲದೆ ಭಾಗವಾಗದಿದ್ದರೆ ಹಿಂದಿನ ಹೆಜ್ಜೆಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ಅನುಕಲಿಸಿದಾಗ ನಾಲ್ಕು ಅಕ್ಷರಗಳೂ ಬೇರೆ ಬೇರೆ ರೂಪ ತಾಳುತ್ತವೆ. A ಇಂದ −log|x − 1| ಬರುತ್ತದೆ, B ಇಂದ −2/(x − 1), C ಇಂದ ½ log(x² + 1), D ಇಂದ tan⁻¹x. ನಾಲ್ಕರಲ್ಲಿ ಯಾವುದೂ ಉಳಿದ ಮೂರರ ಜಾಗ ತುಂಬಲಾರದು.

ಒಂದನ್ನು ಬಿಟ್ಟರೆ ಏನಾಗುತ್ತದೆ? ಪರೀಕ್ಷೆಯ ಅವಸರದಲ್ಲಿ ವರ್ಗ ಅಪವರ್ತನದ ಮೇಲೆ Cx ಮರೆತು, ಬರೀ D ಬರೆದರು ಎಂದಿಟ್ಟುಕೊಳ್ಳಿ. ಈಗ ಅಕ್ಷರಗಳು ಮೂರು, ಹಾಗಾಗಿ x ಗೆ ಮೂರು ಬೆಲೆ ಹಾಕಿದರೆ ಸಾಕೆನಿಸುತ್ತದೆ. x = 1 ಹಾಕಿದಾಗ B = 2 ಸರಿಯಾಗಿಯೇ ಬರುತ್ತದೆ. x = 0 ಮತ್ತು x = 2 ಹಾಕಿ ಬಿಡಿಸಿದರೆ A = −2/3, D = 4/3. ಸಮೀಕರಣ ಎಲ್ಲೂ ಮುಷ್ಕರ ಹೂಡುವುದಿಲ್ಲ, ಉತ್ತರ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ x = −1 ಹಾಕಿ ನೋಡಿ. ಮೂಲ ಭಿನ್ನರಾಶಿಯ ಬೆಲೆ 1. ಈ ತಪ್ಪು ನಮೂನೆ ಕೊಡುವ ಬೆಲೆ 1.5.

ಈ ಬಗೆಯ ತಪ್ಪು ಅಪಾಯಕಾರಿ ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಮೂರು ಬಿಂದುಗಳಲ್ಲಿ ಸರಿಹೊಂದುವಂತೆ ಮೂರು ಸಂಖ್ಯೆಗಳನ್ನು ಹೊಂದಿಸಿದ್ದೇವೆ, ಅದೇ ಮೂರು ಬಿಂದುಗಳಲ್ಲಿ ಪರೀಕ್ಷಿಸಿದರೆ ಸರಿ ಎಂದೇ ಕಾಣುತ್ತದೆ. ಲೆಕ್ಕಕ್ಕೆ ಬಳಸದ ಇನ್ನೊಂದು ಬೆಲೆಯನ್ನು ಹಾಕಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಸರಿಯಾದ ಉತ್ತರಕ್ಕೆ x = −1 ಹಾಕಿದರೆ ½ + ½ + 0 ಬಂದು 1 ಆಗುತ್ತದೆ. A/(x − 1) ಪದವನ್ನು ಕೈಬಿಟ್ಟು (x − 1)² ಒಂದನ್ನೇ ಇಟ್ಟುಕೊಂಡರೆ ತಪ್ಪು ಇನ್ನೂ ಬೇಗ ಸಿಕ್ಕಿಬೀಳುತ್ತದೆ: B ಯನ್ನು ಕಳೆದ ಮೇಲೆ ಎಡಗಡೆ (x − 1) ಒಂದೇ ಸಲ, ಬಲಗಡೆ ಎರಡು ಸಲ. ಎರಡೂ ಸಮವಾಗಲು ಸಾಧ್ಯವೇ ಇಲ್ಲ.

Cx ಎಂಬ ಪದ ಎಲ್ಲಿಂದ ಬಂತು ಎಂಬುದಕ್ಕೆ ಇನ್ನೂ ಒಂದು ಉತ್ತರವಿದೆ. ವರ್ಗ −1 ಆಗುವ i ಅನ್ನು ಒಪ್ಪಿಕೊಂಡರೆ x² + 1 ಕೂಡ (x − i)(x + i) ಎಂದು ಒಡೆಯುತ್ತದೆ. ಆಗ ಎರಡೂ ಸರಳ ಪದಗಳೇ. ನಮ್ಮ ಲೆಕ್ಕದಲ್ಲಿ ಅವುಗಳ ಮೇಲೆ (1 − i)/2 ಮತ್ತು (1 + i)/2 ಕೂರುತ್ತವೆ. ಒಂದು ಇನ್ನೊಂದರ ಕನ್ನಡಿ ಬಿಂಬ. ಎರಡನ್ನೂ ಕೂಡಿಸಿದಾಗ i ಇರುವ ಭಾಗಗಳು ಪರಸ್ಪರ ಅಳಿಸಿಹೋಗಿ (x + 1)/(x² + 1) ಉಳಿಯುತ್ತದೆ. ಒಡೆಯದ ವರ್ಗ ಅಪವರ್ತನವೆಂದರೆ ಹೀಗೆ ಜೋಡಿಯಾಗಿ ನಿಂತ ಎರಡು ಸಂಕೀರ್ಣ ಅಪವರ್ತನಗಳು.

ಲೈಬ್ನಿಟ್ಸ್ ಕಾಣದೆ ಹೋದದ್ದು ಈ ಜೋಡಿಯನ್ನು. ಅವನು x⁴ + a⁴ ಅನ್ನು ಸಂಕೀರ್ಣ ಸಂಖ್ಯೆಗಳಲ್ಲಿ ನಾಲ್ಕು ಚೂರಾಗಿಸಿದ್ದ. i ಯ ವರ್ಗಮೂಲ ಒಳಗೊಂಡ ಆ ಚೂರುಗಳಲ್ಲಿ ಯಾವ ಎರಡನ್ನು ಗುಣಿಸಿದರೂ ವಾಸ್ತವ ಸಂಖ್ಯೆಗಳ ಅಪವರ್ತನ ಸಿಗದು ಎಂದು ಭಾವಿಸಿದ. ಆದರೆ ಸರಿಯಾದ ಜೋಡಿಗಳನ್ನು ಆರಿಸಿ ಗುಣಿಸಿದರೆ ಸಿಗುತ್ತದೆ. ಅಷ್ಟು ದೂರ ಹೋಗುವುದೂ ಬೇಡ. x⁴ + a⁴ ಗೆ 2a²x² ಕೂಡಿಸಿ, ಅಷ್ಟನ್ನೇ ಕಳೆಯಿರಿ. ಅದು (x² + a²)² − 2a²x² ಆಗುತ್ತದೆ. ಎರಡು ವರ್ಗಗಳ ವ್ಯತ್ಯಾಸ, ಹೈಸ್ಕೂಲಿನ ಸೂತ್ರ:

(x² + √2·ax + a²)(x² − √2·ax + a²)

1719ರಲ್ಲಿ ನಿಕೊಲಾಸ್ ಬರ್ನೌಲಿ ಇದನ್ನು ಅದೇ ‘ಆಕ್ಟಾ’ ಪತ್ರಿಕೆಯಲ್ಲಿ ತೋರಿಸಿಕೊಟ್ಟ. ಲೈಬ್ನಿಟ್ಸ್ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ವಾಸ್ತವ ಸಹಗುಣಕಗಳ ಯಾವ ಬಹುಪದಿಯಾದರೂ ಸರಳ ಅಪವರ್ತನಗಳು ಮತ್ತು ಒಡೆಯದ ವರ್ಗ ಅಪವರ್ತನಗಳಾಗಿಯೇ ಒಡೆಯುತ್ತದೆ, ಇವೆರಡು ಬಿಟ್ಟು ಮೂರನೆಯ ಜಾತಿಯಿಲ್ಲ ಎಂಬ ನಂಬಿಕೆ ಆಮೇಲೆ ಗಟ್ಟಿಯಾಯಿತು. 1799ರಲ್ಲಿ ಗೌಸ್ ತನ್ನ ಡಾಕ್ಟರೇಟ್ ಪ್ರಬಂಧಕ್ಕೆ ಎತ್ತಿಕೊಂಡದ್ದು ಇದೇ ಪ್ರಮೇಯವನ್ನು. ಪಿಯುಸಿ ಪುಸ್ತಕದ ಕೋಷ್ಟಕ ಅಷ್ಟು ಚಿಕ್ಕದಾಗಿರುವುದಕ್ಕೆ ಕಾರಣ ಈ ಪ್ರಮೇಯ. ವರ್ಗ ಅಪವರ್ತನವೇ ಮರುಕಳಿಸಿ (x² + 1)² ಬಂದರೂ ಹೊಸದೇನೂ ಬೇಕಿಲ್ಲ. ಪ್ರತಿ ಘಾತಕ್ಕೂ ಒಂದೊಂದು ಪದ, ಪ್ರತಿ ಪದದ ಮೇಲೂ ಎರಡೆರಡು ಅಕ್ಷರ.

ಅಪವರ್ತನಗಳು ಇವೆ ಎಂದು ಪ್ರಮೇಯ ಹೇಳುತ್ತದೆ, ಕೈಗೆ ತಂದುಕೊಡುವುದಿಲ್ಲ. ಐದನೇ ಘಾತದಿಂದ ಮೇಲಕ್ಕೆ ಎಲ್ಲ ಬಹುಪದಿಗಳಿಗೂ ಅನ್ವಯಿಸುವ, ವರ್ಗಮೂಲ ಘನಮೂಲಗಳಂಥ ಮೂಲಗಳ ಸೂತ್ರ ಇಲ್ಲ. ದಶಮಾಂಶಗಳಲ್ಲಿ ಅಂದಾಜು ಮಾಡಹೊರಟರೆ ಮರುಕಳಿಸುವ ಅಪವರ್ತನವೇ ಕಾಟ ಕೊಡುತ್ತದೆ. ಸಣ್ಣ ತಪ್ಪಿನಿಂದ (x − 1)² ಎಂಬುದು (x − 1)(x − 1.0001) ಎಂದಾಗಿಬಿಟ್ಟರೆ ಮರುಕಳಿಕೆ ಮಾಯವಾಗುತ್ತದೆ. 1/(x − 1)² ಇದ್ದ ಕಡೆ ಈಗ 10,000/(x − 1.0001) ಇಂದ 10,000/(x − 1) ಅನ್ನು ಕಳೆಯಬೇಕು. ಹೆಚ್ಚುಕಡಿಮೆ ಸಮವಾದ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುವಾಗ ಕಂಪ್ಯೂಟರಿನ ನಂಬಲರ್ಹ ಅಂಕಿಗಳು ಅಲ್ಲೇ ಕರಗಿಹೋಗುತ್ತವೆ.

ಇದಕ್ಕೆ ಪರಿಹಾರ ಮೂಲಗಳನ್ನು ಹುಡುಕದೆಯೇ ಸಿಗುತ್ತದೆ. ಯಾವ ಅಪವರ್ತನ ಮರುಕಳಿಸುತ್ತದೋ ಅದು ಛೇದದಲ್ಲೂ ಛೇದದ ಅವಕಲನದಲ್ಲೂ ಇರುತ್ತದೆ. ಎರಡರ ಮಹತ್ತಮ ಸಾಮಾನ್ಯ ಅಪವರ್ತನವನ್ನು ಯೂಕ್ಲಿಡ್‌ನ ಭಾಗಾಕಾರದಿಂದ ತೆಗೆದರೆ ಮರುಕಳಿಸುವುದು ಯಾವುದೆಂದು ಗೊತ್ತಾಗಿಬಿಡುತ್ತದೆ. ನಮ್ಮ ಲೆಕ್ಕದಲ್ಲಿ ಹಾಗೆ ಮಾಡಿದರೆ ಕೈಗೆ ಬರುವುದು x − 1. 1845ರಲ್ಲಿ ರಷ್ಯದ ಆಸ್ತ್ರೊಗ್ರಾದ್‌ಸ್ಕಿ, 1872ರಲ್ಲಿ ಫ್ರಾನ್ಸಿನ ಎರ್ಮಿತ್ ಇದೇ ಉಪಾಯದಿಂದ ಅನುಕಲನದಲ್ಲಿ ಲಾಗ್ ಮತ್ತು tan⁻¹ ಇಲ್ಲದ ಭಾಗವನ್ನು, ಅಂದರೆ ನಮ್ಮ −2/(x − 1) ರೀತಿಯ ತುಣುಕನ್ನು, ಛೇದದ ಒಂದೂ ಮೂಲ ತಿಳಿಯದೆ ಬೇರ್ಪಡಿಸುವ ದಾರಿಗಳನ್ನು ಕೊಟ್ಟರು.