ಊರು ಬದಲಾದಾಗ ಪಿಂಚಣಿಯನ್ನೂ ಕರೆದೊಯ್ಯುವ ಪತ್ರ

ನಿವೃತ್ತಿಯ ನಂತರ ಮಗಳ ಮನೆಗೋ ಸ್ವಂತ ಊರಿಗೋ ಹೋಗಿ ನೆಲೆಸುವವರು ಬ್ಯಾಂಕಿಗೆ ಬರೆಯುವ ಪತ್ರ ಸಾಮಾನ್ಯವಾಗಿ ಎರಡೇ ಸಾಲಿನದು: ‘ನನ್ನ ಖಾತೆಯನ್ನು ಇಂಥ ಊರಿನ ಶಾಖೆಗೆ ವರ್ಗಾಯಿಸಿ.’ ಬ್ಯಾಂಕು ಖಾತೆಯನ್ನು ವರ್ಗಾಯಿಸಿಯೂ ಬಿಡುತ್ತದೆ. ಆದರೆ ಪಿಂಚಣಿಯ ಕಡತ ಹಳೆಯ ಶಾಖೆಯ ಹೆಸರಿನಲ್ಲೇ ಉಳಿದಿರುತ್ತದೆ. ಬಾಕಿ ಹಣದ ಲೆಕ್ಕ ಕೇಳುವಾಗಲೋ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗಲೋ ಇದು ಬೆಳಕಿಗೆ ಬರುತ್ತದೆ.

ಕಾರಣ ಸರಳ. ಉಳಿತಾಯ ಖಾತೆ ಬೇರೆ, ಪಿಂಚಣಿ ಪಾವತಿ ಆದೇಶ ಬೇರೆ. ಪಿಪಿಒ ಎಂದು ಎಲ್ಲರೂ ಕರೆಯುವ ಈ ಆದೇಶದ ಒಂದು ಪ್ರತಿ ಪಿಂಚಣಿದಾರರ ಕೈಯಲ್ಲಿರುತ್ತದೆ, ಇನ್ನೊಂದು ಹಣ ಕೊಡುವ ಬ್ಯಾಂಕಿನಲ್ಲಿರುತ್ತದೆ. ಕೇಂದ್ರ ಸರ್ಕಾರದ ನಿವೃತ್ತರಿಗೆ ಈಗ ತಿಂಗಳ ಪಿಂಚಣಿ ಲೆಕ್ಕ ಹಾಕಿ ಖಾತೆಗೆ ಜಮಾ ಮಾಡುವುದು ಶಾಖೆಯಲ್ಲ, ಆ ಬ್ಯಾಂಕಿನ ಕೇಂದ್ರೀಕೃತ ಪಿಂಚಣಿ ಸಂಸ್ಕರಣಾ ಕೇಂದ್ರ. ಆದ್ದರಿಂದ ಪತ್ರದಲ್ಲಿ ಎರಡು ಕೋರಿಕೆ ಇರಬೇಕು: ಖಾತೆಯನ್ನು ವರ್ಗಾಯಿಸಿ, ಪಿಂಚಣಿ ಕೇಂದ್ರದ ದಾಖಲೆಯಲ್ಲೂ ಶಾಖೆಯನ್ನು ಬದಲಿಸಿ.

ಹುಬ್ಬಳ್ಳಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಿಂದ ನಿವೃತ್ತರಾಗಿ ಮೈಸೂರಿಗೆ ಹೋಗುತ್ತಿರುವ ಒಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬ್ಯಾಂಕು ಅದೇ, ಶಾಖೆ ಮಾತ್ರ ಬೇರೆ. ಅವರ ಪತ್ರ ಹೀಗಿರಬಹುದು:

ಇವರಿಗೆ,
ಶಾಖಾ ವ್ಯವಸ್ಥಾಪಕರು,
…… ಬ್ಯಾಂಕ್, …… ಶಾಖೆ, ಹುಬ್ಬಳ್ಳಿ.

ಮಾನ್ಯರೇ,

ವಿಷಯ: ಪಿಂಚಣಿ ಖಾತೆ ಮತ್ತು ಪಿಂಚಣಿ ದಾಖಲೆಯನ್ನು ಮೈಸೂರಿನ …… ಶಾಖೆಗೆ ವರ್ಗಾಯಿಸುವ ಬಗ್ಗೆ.

ನಾನು ಕೇಂದ್ರ ಸರ್ಕಾರದ ಪಿಂಚಣಿದಾರ. ನನ್ನ ಪಿಪಿಒ ಸಂಖ್ಯೆ ……, ಉಳಿತಾಯ ಖಾತೆ ಸಂಖ್ಯೆ ……. ಈ ಖಾತೆ ನನ್ನ ಮತ್ತು ನನ್ನ ಪತ್ನಿಯ ಜಂಟಿ ಹೆಸರಿನಲ್ಲಿದೆ. ಇನ್ನು ಮುಂದೆ ನಾವು ಮೈಸೂರಿನಲ್ಲಿ ಖಾಯಂ ಆಗಿ ವಾಸಿಸಲಿದ್ದೇವೆ. ಆಗಸ್ಟ್ ತಿಂಗಳವರೆಗಿನ ಪಿಂಚಣಿ ಈ ಖಾತೆಗೆ ಜಮಾ ಆಗಿದೆ. ಖಾತೆಯನ್ನು ತಮ್ಮದೇ ಬ್ಯಾಂಕಿನ ಮೈಸೂರು …… ಶಾಖೆಗೆ (ಐಎಫ್‌ಎಸ್‌ಸಿ ಕೋಡ್ ……) ವರ್ಗಾಯಿಸಿ, ಪಿಂಚಣಿ ಸಂಸ್ಕರಣಾ ಕೇಂದ್ರದ ದಾಖಲೆಯಲ್ಲಿ ನನ್ನ ಶಾಖೆ, ವಿಳಾಸ ಮತ್ತು ಮೊಬೈಲ್ ಸಂಖ್ಯೆಯನ್ನೂ ಬದಲಿಸಬೇಕೆಂದು ಕೋರುತ್ತೇನೆ. ಹೊಸ ವಿಳಾಸ: …….

ಲಗತ್ತು: ಪಿಪಿಒ ನಕಲು, ಪಾಸ್‌ಬುಕ್ಕಿನ ಮೊದಲ ಪುಟ ಮತ್ತು ಕೊನೆಯ ಜಮಾ ಇರುವ ಪುಟದ ನಕಲು, ಆಧಾರ್ ಮತ್ತು ಪಾನ್ ನಕಲು, ಹೊಸ ವಿಳಾಸದ ಪುರಾವೆ.

ತಮ್ಮ ವಿಶ್ವಾಸಿ,
(ಇಬ್ಬರು ಖಾತೆದಾರರ ಸಹಿ, ದಿನಾಂಕ)

ಇದರಲ್ಲಿ ಅಲಂಕಾರಕ್ಕೆ ಬರೆದ ಸಾಲು ಒಂದೂ ಇಲ್ಲ. ಕೇಂದ್ರ ನಾಗರಿಕ ಪಿಂಚಣಿಯ ಪಿಪಿಒ ಸಂಖ್ಯೆಗೆ 12 ಅಂಕಿಗಳು. ಮೊದಲ ಐದು ಆದೇಶ ಹೊರಡಿಸಿದ ಕಚೇರಿಯನ್ನು, ಮುಂದಿನ ಎರಡು ವರ್ಷವನ್ನು, ಅದರ ನಂತರದ ನಾಲ್ಕು ಕ್ರಮಸಂಖ್ಯೆಯನ್ನು ಸೂಚಿಸುತ್ತವೆ. ಕೊನೆಯದು ತಾಳೆ ನೋಡಲು ಇರುವ ಅಂಕಿ. ಪಾಸ್‌ಬುಕ್ಕಿನಲ್ಲಿ ಕೈಯಲ್ಲಿ ಗೀಚಿಟ್ಟ ಸಂಖ್ಯೆಯನ್ನು ನಂಬದೆ ಮೂಲ ಪಿಪಿಒ ನೋಡಿಯೇ ಬರೆಯಬೇಕು.

‘ಆಗಸ್ಟ್ ತಿಂಗಳವರೆಗಿನ ಪಿಂಚಣಿ ಜಮಾ ಆಗಿದೆ’ ಎಂಬ ವಾಕ್ಯವೇ ಪತ್ರದ ಜೀವಾಳ. ಹೊಸ ಕಡೆಯವರು ಯಾವ ತಿಂಗಳಿಂದ ಪಾವತಿ ಶುರು ಮಾಡಬೇಕೆಂದು ಗೊತ್ತಾಗುವುದು ಇದರಿಂದ. ಇದು ಸ್ಪಷ್ಟವಿಲ್ಲದಿದ್ದರೆ ಒಂದು ತಿಂಗಳು ತಪ್ಪಬಹುದು, ಇಲ್ಲವೇ ಎರಡು ಸಲ ಜಮಾ ಆಗಬಹುದು. ಹೆಚ್ಚು ಬಂದದ್ದು ಲಾಭವಲ್ಲ. ಪಿಂಚಣಿ ಶುರುವಾಗುವಾಗಲೇ ‘ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ’ ಎಂದು ಬರೆದುಕೊಟ್ಟಿರುವುದರಿಂದ ಬ್ಯಾಂಕು ಅದನ್ನು ಹಿಂಪಡೆಯುತ್ತದೆ. ಪಿಂಚಣಿ ತಿಂಗಳ ಕೊನೆಯ ಕೆಲಸದ ದಿನಗಳಲ್ಲಿ ಬರುತ್ತದೆ, ಮಾರ್ಚ್ ತಿಂಗಳದ್ದು ಮಾತ್ರ ಏಪ್ರಿಲ್‌ನ ಮೊದಲ ಕೆಲಸದ ದಿನ. ಆದ್ದರಿಂದ ಒಂದು ತಿಂಗಳ ಜಮಾ ನೋಡಿಕೊಂಡು, ಮುಂದಿನ ತಿಂಗಳ ಮೊದಲ ವಾರದಲ್ಲೇ ಪತ್ರ ಕೊಡುವುದು ಒಳ್ಳೆಯದು.

ಜಂಟಿ ಖಾತೆಯ ಮಾತಿಗೂ ಕಾರಣವಿದೆ. ಪಿಪಿಒದಲ್ಲಿ ಕುಟುಂಬ ಪಿಂಚಣಿಗೆ ಹೆಸರಿರುವ ಪತಿ ಅಥವಾ ಪತ್ನಿಯ ಜತೆ ಜಂಟಿ ಖಾತೆಯಲ್ಲಿ ಪಿಂಚಣಿ ಪಡೆಯಲು ಅವಕಾಶವಿದೆ. ಮುಂದೆ ಕುಟುಂಬ ಪಿಂಚಣಿಯೂ ಅದೇ ಖಾತೆಗೆ ಬರುತ್ತದೆ, ಹೊಸ ಖಾತೆ ತೆರೆಯಬೇಕಿಲ್ಲ. ವರ್ಗಾವಣೆಯ ಗಡಿಬಿಡಿಯಲ್ಲಿ ಒಬ್ಬರ ಹೆಸರಿನಲ್ಲೇ ಹೊಸ ಖಾತೆ ತೆರೆದರೆ ಈ ಅನುಕೂಲ ಕೈತಪ್ಪುತ್ತದೆ.

ಅದೇ ಬ್ಯಾಂಕಿನೊಳಗಿನ ವರ್ಗಾವಣೆಯಲ್ಲಿ ಸಾಮಾನ್ಯವಾಗಿ ಖಾತೆ ಸಂಖ್ಯೆ ಬದಲಾಗುವುದಿಲ್ಲ, ಐಎಫ್‌ಎಸ್‌ಸಿ ಕೋಡ್ ಬದಲಾಗುತ್ತದೆ. ಬ್ಯಾಂಕನ್ನೇ ಬದಲಿಸುವವರ ದಾರಿ ಉದ್ದ. ಮೊದಲು ಹೊಸ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದು, ಅದರ ವಿವರವನ್ನು ಹಳೆಯ ಬ್ಯಾಂಕಿನ ಪತ್ರದಲ್ಲಿ ಬರೆಯಬೇಕು. ಹಳೆಯ ಬ್ಯಾಂಕು ಕೊನೆಯ ಪಾವತಿಯ ವಿವರದೊಂದಿಗೆ ಪಿಪಿಒ ದಾಖಲೆಯನ್ನು ಸಾಗಹಾಕಬೇಕು. ಪಿಂಚಣಿ ಸಾಲವಿದ್ದರೆ ಅದು ತೀರುವ ಅಥವಾ ಬ್ಯಾಂಕು ಒಪ್ಪಿಗೆ ಕೊಡುವ ತನಕ ಕೆಲಸ ಮುಂದೆ ಹೋಗುವುದು ಕಷ್ಟ. ಹೊಸ ಖಾತೆಗೆ ಮೊದಲ ಪಿಂಚಣಿ ಬರುವವರೆಗೆ ಹಳೆಯ ಖಾತೆಯನ್ನು ಮುಚ್ಚಲೇಬಾರದು. ಮುಚ್ಚಿದ ಖಾತೆಗೆ ಬಂದ ಹಣ ವಾಪಸು ಹೋಗುತ್ತದೆ, ಮತ್ತೆ ಬರಲು ಇನ್ನೊಂದು ಸುತ್ತು ಪತ್ರವ್ಯವಹಾರ ಬೇಕು.

ನವೆಂಬರ್ ತಿಂಗಳಲ್ಲಿ ಬ್ಯಾಂಕು ಬದಲಿಸದಿರುವುದು ಜಾಣತನ. ಪ್ರತಿ ವರ್ಷ ಜೀವಿತ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪ್ರಮಾಣಪತ್ರ ಹಳೆಯ ಬ್ಯಾಂಕಿಗೆ ಹೋಗಿ ದಾಖಲೆ ಹೊಸ ಬ್ಯಾಂಕಿಗೆ ಬಂದಿದ್ದರೆ ಪಿಂಚಣಿ ತಡೆಯಾಗುವ ಸಂಭವವಿದೆ. ಅದೇ ಬ್ಯಾಂಕಿನಲ್ಲಿ ಉಳಿದವರಿಗೆ ಈ ತೊಂದರೆಯಿಲ್ಲ. ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಅದನ್ನು ಕೊಡಬಹುದು.

ಈ ಪತ್ರ ಎಲ್ಲರಿಗೂ ಒಂದೇ ಅಲ್ಲ. ರಾಜ್ಯ ಸರ್ಕಾರದ ನಿವೃತ್ತರ ವಿಷಯದಲ್ಲಿ ಖಜಾನೆಯೂ ನಡುವೆ ಬರುವುದರಿಂದ ಪತ್ರದ ಪ್ರತಿ ಅಲ್ಲಿಗೂ ಹೋಗಬೇಕು. ಭವಿಷ್ಯನಿಧಿ ಸಂಸ್ಥೆಯ ಪಿಂಚಣಿದಾರರಿಗೆ 2025ರ ಜನವರಿಯಿಂದ ಕೇಂದ್ರೀಕೃತ ಪಾವತಿ ಬಂದಿದೆ. ಊರು ಅಥವಾ ಬ್ಯಾಂಕು ಬದಲಾದರೂ ಅವರ ಪಿಪಿಒ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬೇಕಿಲ್ಲ.

ಪತ್ರವನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಬ್ಯಾಂಕಿನ ಕಡೆಯಿಂದ ಪಿಂಚಣಿ ಜಮಾ ತಡವಾದರೆ ವರ್ಷಕ್ಕೆ ಶೇ. 8ರಂತೆ ಪರಿಹಾರವನ್ನು ಬ್ಯಾಂಕು ತಾನಾಗಿಯೇ ಖಾತೆಗೆ ಹಾಕಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಲಿಖಿತ ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಅಲ್ಲಿ ಮೊದಲು ಬೇಕಾಗುವುದು ಆ ಮೊಹರು ಬಿದ್ದ ಪ್ರತಿ. ಅದನ್ನು ಪಿಪಿಒ ಜತೆಗೇ ಇಡಿ, ಎಲ್ಲಿಟ್ಟಿದ್ದೀರೆಂದು ಮನೆಯ ಇನ್ನೊಬ್ಬರಿಗೂ ತಿಳಿಸಿರಿ.