ಸುವರ್ಣ ವಿವಾಹದ ದಿನ ಮಗನ ನಾಲ್ಕು ಮಾತು

ತಂದೆತಾಯಿಯ ಮದುವೆಗೆ ಐವತ್ತು ವರ್ಷ ತುಂಬಿದ ದಿನ ಮಗ ಎದ್ದು ನಿಂತು ಆಡುವ ಕೃತಜ್ಞತೆಯ ಮಾತಿಗೆ ಕನ್ನಡ ನಾಡಿನಲ್ಲಿ ಹಳೆಯ ಮಾದರಿ ಎಂಬುದು ಇಲ್ಲ. ವೈದಿಕ ಪದ್ಧತಿಯ ಮನೆಗಳಲ್ಲಿ ಅರವತ್ತಕ್ಕೆ ಷಷ್ಟ್ಯಬ್ದಿಪೂರ್ತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದ ಮೇಲೆ ಸಹಸ್ರಚಂದ್ರ ದರ್ಶನ ಶಾಂತಿ ನಡೆಯುತ್ತವೆ. ಇವೆಲ್ಲ ಯಜಮಾನನ ವಯಸ್ಸಿನ ಲೆಕ್ಕ, ದಾಂಪತ್ಯದ ಲೆಕ್ಕವಲ್ಲ. ಇಪ್ಪತ್ತೈದಕ್ಕೆ ಬೆಳ್ಳಿ, ಐವತ್ತಕ್ಕೆ ಚಿನ್ನ ಎಂಬ ಎಣಿಕೆ ಯುರೋಪಿನಿಂದ ಬಂದದ್ದು. ಶಾಂತಿಯಲ್ಲಿ ಮಾತೆಲ್ಲ ಪುರೋಹಿತರದು; ಮಗ ಅವರು ಹೇಳಿದ ಕಡೆ ನೀರು ಬಿಟ್ಟರೆ ಮುಗಿಯಿತು. ಸುವರ್ಣ ವಿವಾಹದಲ್ಲಿ ಮಂತ್ರವಿಲ್ಲ. ಹಾರ ಬದಲಾಯಿಸಿ ಕೇಕು ಕತ್ತರಿಸಿದ ಮೇಲೆ ಯಾರೋ ಮೈಕನ್ನು ಮಗನ ಕೈಗೆ ಕೊಡುತ್ತಾರೆ.

ಆ ಹೊತ್ತಿಗೆ ಊಟದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿರುತ್ತದೆ, ಮಕ್ಕಳು ಕುರ್ಚಿಗಳ ನಡುವೆ ಓಡುತ್ತಿರುತ್ತಾರೆ. ಸಭೆ ಐದು ನಿಮಿಷ ಕೇಳುತ್ತದೆ, ಹೆಚ್ಚೆಂದರೆ ಏಳು. ನಿಧಾನವಾಗಿ ಮಾತನಾಡಿದರೆ ನಿಮಿಷಕ್ಕೆ ಎಂಬತ್ತರಿಂದ ನೂರು ಪದ ಆದೀತು. ಹಾಗಾಗಿ ಬರೆದುಕೊಂಡದ್ದು ಪುಸ್ತಕದ ಎರಡು ಪುಟ ಮೀರಬಾರದು. ಐವತ್ತು ವರ್ಷವನ್ನು ಎರಡು ಪುಟಕ್ಕೆ ಇಳಿಸಲು ಹೊರಟಾಗ ಬಹುತೇಕ ಮಕ್ಕಳು ಎಡವುವುದು ‘ತ್ಯಾಗ’ ಎಂಬ ಪದದ ಮೇಲೆ. ‘ನಮಗಾಗಿ ಎಷ್ಟೋ ತ್ಯಾಗ ಮಾಡಿದ್ದಾರೆ, ಅವರ ಋಣ ತೀರಿಸಲಾಗದು’ ಎಂಬ ವಾಕ್ಯ ಯಾವ ಮನೆಯ ಸಮಾರಂಭಕ್ಕೂ ಹೊಂದುತ್ತದೆ, ಆದ್ದರಿಂದಲೇ ಯಾರ ಕಿವಿಯಲ್ಲೂ ನಿಲ್ಲುವುದಿಲ್ಲ. ಏನನ್ನು ಬಿಟ್ಟರು, ಯಾವಾಗ, ಯಾವುದಕ್ಕಾಗಿ ಎಂಬ ಮೂರಕ್ಕೆ ಉತ್ತರವಿದ್ದರೆ ಆ ಪದವನ್ನು ಉಚ್ಚರಿಸುವ ಅಗತ್ಯವೇ ಬೀಳುವುದಿಲ್ಲ.

ಒಂದು ಮಾದರಿ ಕುಟುಂಬವನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಹಾವೇರಿ ಕಡೆಯ ಹಳ್ಳಿ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು, ಅವ್ವ ಮನೆ ಮತ್ತು ಎರಡು ಎಮ್ಮೆ ನೋಡಿಕೊಂಡವಳು. ಮದುವೆ 1976ರಲ್ಲಿ. ಹಿರಿಯವಳು ಮಗಳು, ಎರಡು ವರ್ಷಕ್ಕೆ ಕಿರಿಯವನು ಮಗ. ಮಗ ಪಿಯುಸಿ ಮುಗಿಸಿದ್ದು 1997ರಲ್ಲಿ. ಆಗ ಕರ್ನಾಟಕದಲ್ಲಿ ಸಿಇಟಿ ಮೂಲಕ ಎಂಜಿನಿಯರಿಂಗಿಗೆ ಫ್ರೀ ಸೀಟು, ಪೇಮೆಂಟ್ ಸೀಟು ಎಂಬ ಎರಡು ಬಗೆ ಇದ್ದವು. ರ‍್ಯಾಂಕು ಸ್ವಲ್ಪ ಹಿಂದೆ ಬಿದ್ದರೆ ಪೇಮೆಂಟ್ ಸೀಟೇ ಗತಿ. ಮಾಸ್ತರಿಕೆಯ ಸಂಬಳದಲ್ಲಿ ಅದು ದೊಡ್ಡ ಹೊರೆ. ಮಗನಿಗೆ ಸಿಕ್ಕದ್ದು ಅದೇ.

ಇಷ್ಟು ಮಗನಿಗೆ ನೆನಪಿರುತ್ತದೆ. ಹಣ ಎಲ್ಲಿಂದ ಬಂತು ಎಂಬುದು ಗೊತ್ತಿರುವುದಿಲ್ಲ, ಏಕೆಂದರೆ ಅದನ್ನು ಗೊತ್ತಾಗದಂತೆ ನೋಡಿಕೊಂಡದ್ದೇ ಅವರ ಜಾಣತನ. ತಂದೆತಾಯಿಯನ್ನು ನೇರವಾಗಿ ಕೇಳಿದರೆ ‘ಹೆಂಗೋ ಆತು ಬಿಡು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೇಳಬೇಕಾದದ್ದು ಸೋದರಮಾವನನ್ನು, ಚಿಗವ್ವನನ್ನು, ಅಪ್ಪನ ಜೊತೆ ಕೆಲಸ ಮಾಡಿದ ಮಾಸ್ತರರನ್ನು. ತೆಗೆಯಬೇಕಾದದ್ದು ಟ್ರಂಕು. ಅದರೊಳಗೆ ಜಿಪಿಎಫ್ ಮುಂಗಡದ ಆದೇಶ, ಸೊಸೈಟಿಯ ಅಡವಿನ ರಸೀದಿ, ಅಪ್ಪನ ಕೈಬರಹದ ಲೆಕ್ಕದ ವಹಿ ಇರಬಹುದು. ನಮ್ಮ ಮಾದರಿಯಲ್ಲಿ ಸಿಕ್ಕದ್ದು ಬಂಗಾರದ ಎರಡು ಪಾಟ್ಲಿಗಳ ಅಡವಿನ ರಸೀದಿ. ಆ ವರ್ಷದ ಜುಲೈ ತಿಂಗಳದು. ಅವನ್ನು ಬಿಡಿಸಿಕೊಂಡ ಚೀಟಿ ಎಲ್ಲೂ ಇಲ್ಲ.

ಅವ್ವನ ಕೈಯಲ್ಲಿ ಹಸಿರು ಗಾಜಿನ ಬಳೆಗಳನ್ನಷ್ಟೇ ಮಗ ನೋಡುತ್ತ ಬಂದಿದ್ದಾನೆ. ಪಾಟ್ಲಿ ಎಲ್ಲಿ ಎಂದು ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದದ್ದು, ಬಂಗಾರ ಹಾಕಿಕೊಂಡರೆ ಕೈ ಕೆರೆಯುತ್ತದೆ ಎಂದು. ರಸೀದಿ ಮತ್ತು ಈ ಕೆರೆತ ಪಕ್ಕಪಕ್ಕ ಬಂದಲ್ಲಿಗೆ ಭಾಷಣದ ಮುಖ್ಯ ಭಾಗ ಸಿದ್ಧವಾಯಿತು. ಅದನ್ನು ಮನೆಯ ಮಾತಿನಲ್ಲೇ ಹೇಳುವುದು ವಾಸಿ: ‘ಅವ್ವಗ ಬಂಗಾರ ಆಗಿಬರಂಗಿಲ್ಲ ಅಂತ ಇಪ್ಪತ್ತೆಂಟು ವರ್ಷ ನಂಬಿದ್ದೆ. ಹೋದ ತಿಂಗಳ ಟ್ರಂಕಿನ್ಯಾಗ ಚೀಟಿ ಸಿಕ್ತು. ಕೆರಿತ ಶುರುವಾಗಿದ್ದು ನಾ ಕಾಲೇಜಿಗೆ ಸೇರಿದ ವರ್ಷ.’ ಇಲ್ಲಿಗೆ ನಿಲ್ಲಿಸಬೇಕು. ‘ಇಂಥ ತಾಯಿ ಯಾರಿಗೆ ಸಿಗುತ್ತಾಳೆ’ ಎಂದು ಮುಂದುವರಿಸಿದರೆ ಕೇಳುವವರು ತಾವಾಗಿ ತಲುಪಿದ್ದ ಜಾಗಕ್ಕೆ ಅವರನ್ನು ಮತ್ತೆ ಕೈಹಿಡಿದು ಎಳೆದಂತೆ.

ಅಪ್ಪನದನ್ನು ಹುಡುಕುವುದು ಇನ್ನೂ ಕಷ್ಟ. ಆಗದೆ ಹೋದ ಸಂಗತಿಗೆ ರಸೀದಿ ಇರುವುದಿಲ್ಲ. ಹೆಡ್‌ಮಾಸ್ತರಿಕೆಯ ಬಡ್ತಿ ಬಂದಾಗ ದೂರದ ತಾಲ್ಲೂಕಿಗೆ ಹೋಗಬೇಕಾಗುತ್ತಿತ್ತು, ಮಕ್ಕಳ ಹೈಸ್ಕೂಲು ಅರ್ಧಕ್ಕೆ ನಿಲ್ಲಬಾರದೆಂದು ಅವರು ಬೇಡವೆಂದು ಬರೆದುಕೊಟ್ಟರು. ಇದನ್ನು ಹೇಳುವವರು ಹಳೆಯ ಸಹೋದ್ಯೋಗಿಯೇ.

ಎಲ್ಲವನ್ನೂ ಮೈಕಿನಲ್ಲಿ ಹೇಳಲಾಗದು ಎಂಬುದು ಈ ಭಾಷಣದ ನಿಜವಾದ ಕಟ್ಟುಪಾಡು. ತಂದೆತಾಯಿ ಮರೆಮಾಡಿದ್ದನ್ನು ಸಭೆಯಲ್ಲಿ ಬಿಚ್ಚಿಡುವ ಮಗ ಅವರ ಮರ್ಯಾದೆಯನ್ನೂ ಕೈಯಲ್ಲಿ ಹಿಡಿದಿರುತ್ತಾನೆ. ಸಾಲ ಕೊಟ್ಟ ಬಂಧು ಎದುರಿನ ಸಾಲಿನಲ್ಲೇ ಕುಳಿತಿರಬಹುದು. ಸಾಲ ಕೊಡದ ಬಂಧು ಅವನ ಪಕ್ಕದಲ್ಲೇ ಇರಬಹುದು. ಮೊತ್ತ, ಬಡ್ಡಿ, ಯಾರ ಬಾಗಿಲಿನಿಂದ ಬರಿಗೈಲಿ ಮರಳಿದರು ಎಂಬುದನ್ನು ಬಿಡಬೇಕು. ಪಾಟ್ಲಿಯ ವಿಷಯವನ್ನಾದರೂ ಹಿಂದಿನ ದಿನ ಅವ್ವನ ಕಿವಿಗೆ ಹಾಕಿ ಒಪ್ಪಿಗೆ ಪಡೆಯುವುದು ಲೇಸು. ಅಚ್ಚರಿ ತಪ್ಪಿತಲ್ಲ ಎಂದು ಅಳುಕಬೇಕಿಲ್ಲ, ಅಚ್ಚರಿಪಡಬೇಕಾದವರು ಸಭಿಕರು.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ, ಹೆಚ್ಚಿನ ಗಂಡುಮಕ್ಕಳಿಗೆ ಅದು ಕಾಣುವುದೇ ಇಲ್ಲ. ಮಾದರಿಯ ಮನೆಯಲ್ಲಿ ಅಕ್ಕ ಪಿಯುಸಿ ಮುಗಿಸಿದ್ದು 1995ರಲ್ಲಿ. ಅವಳಿಗೆ ಬಿಎಸ್‌ಸಿ ಓದುವ ಆಸೆಯಿತ್ತು. ಪೇಟೆಯ ಹಾಸ್ಟೆಲ್ಲಿನ ಖರ್ಚು ಒಬ್ಬರಿಗಷ್ಟೇ ಸಾಧ್ಯವೆಂದು ಮನೆಯವರು ಲೆಕ್ಕ ಹಾಕಿದ್ದರಿಂದ ಅವಳು ಅಲ್ಲಿಗೇ ನಿಂತಳು. ತಂದೆತಾಯಿ ತನಗಾಗಿ ಬಿಟ್ಟದ್ದನ್ನು ಮಗ ಎಣಿಸುವಾಗ, ಅವರು ಅಕ್ಕನಿಂದ ಬಿಡಿಸಿದ್ದೂ ಅದರೊಳಗೆ ಸೇರಿಹೋಗಿರುತ್ತದೆ. ಅಕ್ಕ ವೇದಿಕೆಯ ಕೆಳಗೆ ಕುಂಕುಮದ ಬಟ್ಟಲು ಹಿಡಿದು ನಿಂತಿರುವಾಗ ‘ನಮ್ಮಿಬ್ಬರಿಗೂ ಏನೂ ಕಡಿಮೆ ಮಾಡಲಿಲ್ಲ’ ಎಂದರೆ ಅದು ಸುಳ್ಳು, ಅವಳ ಮುಖದಲ್ಲಿ ಅದು ತಿಳಿಯುತ್ತದೆ. ಹಾಗೆಂದು ತಂದೆತಾಯಿಯ ಹಬ್ಬದ ದಿನ ಅವರನ್ನು ಕಟಕಟೆಗೆ ನಿಲ್ಲಿಸಲೂ ಬಾರದು. ‘ನಾನು ಓದಿದ ನಾಲ್ಕು ವರ್ಷದಲ್ಲಿ ಅಕ್ಕನ ಪಾಲೂ ಇದೆ’ ಎಂಬ ಒಂದೇ ಮಾತು ಸಾಕು. ಯಾರನ್ನೂ ದೂರದೆ ಲೆಕ್ಕ ಸರಿಪಡಿಸುತ್ತದೆ.

ಕಟ್ಟುವ ಕ್ರಮ ಸರಳ. ಹಿರಿಯರಿಗೆ ಚಿಕ್ಕದಾಗಿ ವಂದಿಸಿ ನೇರವಾಗಿ ಟ್ರಂಕಿಗೆ ಹೋಗಬಹುದು. ಅಪ್ಪ ಹುಟ್ಟಿದ ಊರು, ನೌಕರಿಗೆ ಸೇರಿದ ದಿನ ಎಲ್ಲ ನೆರೆದವರಿಗೆ ಗೊತ್ತಿರುವ ಸಂಗತಿ. ಅವ್ವನ ಪಾಟ್ಲಿ, ಅಪ್ಪನ ಬಡ್ತಿ, ಅಕ್ಕನ ಪಾಲು ಇಷ್ಟರಲ್ಲಿ ನಾಲ್ಕು ನಿಮಿಷ ಕಳೆದಿರುತ್ತದೆ. ನಡುವೆ ನಗುವಿಗೆ ಜಾಗ ಬೇಕು. ಐವತ್ತು ವರ್ಷದಿಂದ ಚಹಕ್ಕೆ ಸಕ್ಕರೆ ಎಷ್ಟು ಎಂಬುದರ ಮೇಲೆ ಇಬ್ಬರೂ ಜಗಳವಾಡುತ್ತಿದ್ದರೆ ಅದನ್ನು ಹೇಳಿದರೆ ಆಯಿತು. ತ್ಯಾಗದ ಕಥೆಯಷ್ಟೇ ಹೇಳಿದರೆ ಸುವರ್ಣ ವಿವಾಹಕ್ಕೆ ಶ್ರದ್ಧಾಂಜಲಿ ಸಭೆಯ ಕಳೆ ಬಂದುಬಿಡುತ್ತದೆ, ಅದೂ ಇಬ್ಬರೂ ಎದುರಿಗೇ ಕುಳಿತಿರುವಾಗ. ಗಂಟಲು ಕಟ್ಟುವುದು ಪಾಟ್ಲಿಯ ಭಾಗದಲ್ಲೇ ಎಂದು ಮೊದಲೇ ತಿಳಿದಿರುವುದರಿಂದ ಅದನ್ನು ಮನೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಓದಿರಬೇಕು.

ಕೊನೆಯಲ್ಲಿ ಕಾಲಿಗೆರಗುವಾಗ ಅಕ್ಕನನ್ನೂ ಕರೆದುಕೊಂಡು, ಆಮೇಲೆ ಮೈಕನ್ನು ಅಪ್ಪನಿಗೆ ಕೊಡುವುದು ವಾಡಿಕೆ. ಅವರು ಬಹುಶಃ ‘ಅದೇನ್ ದೊಡ್ಡ ಮಾತಪಾ, ಎಲ್ಲಾರೂ ಮಾಡ್ತಾರ’ ಎಂದು ಮಗ ಹೇಳಿದ್ದನ್ನೆಲ್ಲ ಅಲ್ಲಗಳೆದು ಊಟಕ್ಕೆ ಏಳಲು ಹೇಳುತ್ತಾರೆ. ಆಗ ಮಗ ಮೈಕು ವಾಪಸು ತೆಗೆದುಕೊಂಡು ವಾದ ಮಾಡಬಾರದು.